ನಕ್ಷೆ ತುಂಬಿದ ಸ್ಲೈಡ್‌ಗಳಿಂದ ಓದುವ ಟಿಪ್ಪಣಿ: ಯಾವ ಚಿತ್ರಕ್ಕೆ ಯಾವ ದಾರಿ?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಪದವಿ ಕಾಲೇಜುಗಳ ಅಧ್ಯಾಪಕರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ಪಾಠಕ್ಕೆಂದು ಮಾಡಿಟ್ಟ ಪಿಪಿಟಿಯಲ್ಲಿ ವಾಕ್ಯಗಳಿಗಿಂತ ಸ್ತಂಭಾಲೇಖ, ರೇಖಾನಕ್ಷೆ, ಬಾಣದ ಗುರುತಿನ ಚಿತ್ರಗಳೇ ಹೆಚ್ಚಾಗಿವೆ. ವಿದ್ಯಾರ್ಥಿಗಳು ನೋಟ್ಸ್ ಕೇಳುತ್ತಿದ್ದಾರೆ. ಪಿಪಿಟಿಯನ್ನೇ ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಫೋನಿನ ಪರದೆಯಲ್ಲಿ ನಕ್ಷೆಯ ಅಕ್ಷರಗಳು ಓದಲು ಬರುವುದಿಲ್ಲ. ತರಗತಿಯಲ್ಲಿ ದೃಷ್ಟಿದೋಷವಿರುವ ಒಬ್ಬ ವಿದ್ಯಾರ್ಥಿಯಿದ್ದರೆ ಅವರ ಸ್ಕ್ರೀನ್ ರೀಡರ್ ಇಲ್ಲೊಂದು ಚಿತ್ರವಿದೆ ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋಗುತ್ತದೆ. ಫೈಲಿನಿಂದಲೇ ಪಠ್ಯ ಮತ್ತು ಅಂಕಿಗಳನ್ನು ತೆಗೆಯಬೇಕೆ, ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ತಾನೇ ಗುರುತಿಸುವಂತೆ ಓಸಿಆರ್ ಮಾಡಿಸಬೇಕೆ, ಪಾಠ ಹೇಳಿದಂತೆ ಹೇಳಿ ಬೇರೊಬ್ಬರಿಂದ ಟೈಪ್ ಮಾಡಿಸಬೇಕೆ, ಅಥವಾ ಒಂದೊಂದೇ ಚಿತ್ರವನ್ನು ಮುಂದಿಟ್ಟುಕೊಂಡು ತಾವೇ ಬರೆಯಬೇಕೆ ಎಂಬುದು ಅವರ ಗೊಂದಲ.

ಇಡೀ ಪಿಪಿಟಿಗೆ ಒಂದೇ ದಾರಿಯನ್ನು ಆರಿಸಲು ಹೊರಡುವುದರಿಂದಲೇ ಈ ಗೊಂದಲ ಬೆಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಆಯ್ಕೆಯನ್ನು ಪ್ರತಿ ಚಿತ್ರಕ್ಕೂ ಬೇರೆಯಾಗಿ ಮಾಡಿದರೆ ಕೆಲಸ ಹಗುರವಾಗುತ್ತದೆ, ತಪ್ಪುಗಳೂ ಕಡಿಮೆಯಾಗುತ್ತವೆ.

ಮೊದಲು ನೋಡಬೇಕಾದದ್ದು

ಎಲ್ಲಕ್ಕಿಂತ ಮುಖ್ಯವಾದ ಮಾನದಂಡ, ಚಿತ್ರವು ಫೈಲಿನೊಳಗೆ ಯಾವ ರೂಪದಲ್ಲಿ ಕುಳಿತಿದೆ ಎಂಬುದು. ಇದನ್ನು ತಿಳಿಯಲು ಪವರ್‌ಪಾಯಿಂಟ್‌ನಲ್ಲಿ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿ ಮೇಲಿನ ಪಟ್ಟಿಯನ್ನು ನೋಡಿದರೆ ಸಾಕು. ಅಲ್ಲಿ `Chart Design` ಎಂದು ಕಾಣಿಸಿಕೊಂಡರೆ ಅದು ಜೀವಂತ ಚಾರ್ಟ್, ಅಂದರೆ ಅದರ ಹಿಂದೆ ಎಕ್ಸೆಲ್ ಅಂಕಿಗಳಿವೆ. `Shape Format` ಎಂದು ಬಂದರೆ ಅದು ಚೌಕ, ವೃತ್ತ, ಬಾಣಗಳನ್ನು ಜೋಡಿಸಿ ಬಿಡಿಸಿದ ರೇಖಾಚಿತ್ರ. `Picture Format` ಎಂದಷ್ಟೇ ಬಂದರೆ ಅದು ಎಲ್ಲಿಂದಲೋ ತಂದು ಅಂಟಿಸಿದ ಫೋಟೋ ಅಥವಾ ಸ್ಕ್ರೀನ್‌ಶಾಟ್. ಅದರೊಳಗೆ ಕಂಪ್ಯೂಟರಿಗೆ ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ, ಬಣ್ಣದ ಚುಕ್ಕೆಗಳಷ್ಟೇ ಇವೆ. ಪ್ರತಿ ಸ್ಲೈಡಿನ ಸಂಖ್ಯೆಯ ಮುಂದೆ ಈ ಮೂರರಲ್ಲಿ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ನಿರ್ಧಾರ ಆದಂತೆಯೇ.

ಎರಡನೆಯದು, ಟಿಪ್ಪಣಿಯನ್ನು ಓದುವವರು ಯಾರು ಎಂಬುದು. ಸ್ಲೈಡು ಕಣ್ಣೆದುರಿಗೇ ಇದ್ದು, ಪರೀಕ್ಷೆಗೆ ಅದನ್ನು ನೆನಪಿಸಿಕೊಳ್ಳಬೇಕಾದವರಿಗೆ ನಕ್ಷೆಯ ಮುಖ್ಯ ಅಂಶ ಮತ್ತು ಅದರ ಕಾರಣ ಸಾಕು. ಚಿತ್ರವನ್ನು ನೋಡಲಾಗದವರಿಗೆ ಯಾವ ಬಗೆಯ ನಕ್ಷೆ, ಯಾವ ಅಕ್ಷದಲ್ಲಿ ಏನಿದೆ, ಮಾನ ಯಾವುದು ಎಂಬುದರಿಂದಲೇ ಆರಂಭಿಸಬೇಕು. ಮೂರನೆಯದು ಪರಿಶೀಲನೆ: ಬರೆದದ್ದು ಸರಿಯೇ ಎಂದು ಆ ವಿಷಯವನ್ನು ಬಲ್ಲವರು ನೋಡಲು ಸಾಧ್ಯವೇ? ಖರ್ಚು ಮತ್ತು ಸಮಯ ಇವುಗಳ ನಂತರದ ಮಾತು. ಮುಂದೆ ಹೇಳುವ ಸಾಧನಗಳಲ್ಲಿ ಹೆಚ್ಚಿನವು ಉಚಿತವಾಗಿಯೇ ಸಿಗುವುದರಿಂದ ನಿಜವಾದ ಖರ್ಚು ಬೀಳುವುದು ಅಧ್ಯಾಪಕರ ಸಮಯದ ಮೇಲೆ.

ಫೈಲಿನಿಂದಲೇ ತೆಗೆಯುವುದು

ಜೀವಂತ ಚಾರ್ಟ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ `Edit Data` ಒತ್ತಿದರೆ ಅದರ ಹಿಂದಿರುವ ಕೋಷ್ಟಕ ತೆರೆದುಕೊಳ್ಳುತ್ತದೆ. ಅದನ್ನು ಹಾಗೆಯೇ ನಕಲಿಸಬಹುದು. ಕಣ್ಣಳತೆಯ ಅಂದಾಜು ಇಲ್ಲಿ ಬೇಕಿಲ್ಲ. ಚಾರ್ಟನ್ನು ಬೇರೆ ಎಕ್ಸೆಲ್ ಫೈಲಿಗೆ ಲಿಂಕ್ ಮಾಡಿ, ಆ ಫೈಲು ಈಗ ಕೈಯಲ್ಲಿಲ್ಲದಿದ್ದರೆ ಮಾತ್ರ ಈ ಕೋಷ್ಟಕ ತೆರೆಯುವುದಿಲ್ಲ. ಆಗಲೂ ಕೈಚೆಲ್ಲಬೇಕಿಲ್ಲ, ಏಕೆಂದರೆ ನಕ್ಷೆಯನ್ನು ಪರದೆಯ ಮೇಲೆ ಬಿಡಿಸಲು ಬೇಕಾದ ಅಂಕಿಗಳ ಒಂದು ಪ್ರತಿ ಸಾಮಾನ್ಯವಾಗಿ ಪಿಪಿಟಿಎಕ್ಸ್ ಫೈಲಿನೊಳಗೇ ಉಳಿದಿರುತ್ತದೆ. ಪೈಥಾನ್ ಬಲ್ಲ ಸಹೋದ್ಯೋಗಿಯೊಬ್ಬರು ಸಿಕ್ಕರೆ, `python-pptx` ಎಂಬ ಉಚಿತ ಲೈಬ್ರರಿಯಿಂದ ಎಲ್ಲ ಚಾರ್ಟ್‌ಗಳ ಅಂಕಿಗಳನ್ನೂ ಒಟ್ಟಿಗೆ ಹೊರತೆಗೆಯಬಹುದು:

```python
from pptx import Presentation

p = Presentation("kolar.pptx")
for n, slide in enumerate(p.slides, 1):
    for sh in slide.shapes:
        if sh.has_chart:
            for plot in sh.chart.plots:
                cats = list(plot.categories)
                for s in plot.series:
                    print(n, s.name, list(zip(cats, s.values)))
```

ಸ್ತಂಭಾಲೇಖ, ರೇಖಾನಕ್ಷೆ, ಪೈ ಚಾರ್ಟ್‌ಗಳಿಗೆ ಇಷ್ಟು ಸಾಕು. ಬೇರೆ ಆಕೃತಿಗಳೊಂದಿಗೆ ಗುಂಪು ಮಾಡಿಟ್ಟ ಚಾರ್ಟ್ ಈ ಜಾಲದಿಂದ ತಪ್ಪಿಸಿಕೊಳ್ಳುತ್ತದೆಯಾದ್ದರಿಂದ ಮೊದಲು ಗುಂಪನ್ನು ಬಿಡಿಸಬೇಕು.

ರೇಖಾಚಿತ್ರಗಳ ವಿಷಯಕ್ಕೆ ಬಂದಾಗ ಇದೇ ದಾರಿ ಕುಂಟುತ್ತದೆ. `Outline View` ತೆರೆದು ಎಲ್ಲವನ್ನೂ ನಕಲಿಸಿಕೊಂಡರೆ ಸಾಕೆಂದು ಅನೇಕರು ತಿಳಿದಿದ್ದಾರೆ; ಆದರೆ ಅಲ್ಲಿ ಕಾಣುವುದು ಶೀರ್ಷಿಕೆ ಮತ್ತು ಮೂಲ ವಿನ್ಯಾಸದ ಪಠ್ಯಚೌಕಗಳಲ್ಲಿರುವ ಸಾಲುಗಳಷ್ಟೇ, ನಾವಾಗಿ ಸೇರಿಸಿದ ಟೆಕ್ಸ್ಟ್ ಬಾಕ್ಸ್ ಮತ್ತು ಆಕೃತಿಗಳೊಳಗಿನ ಮಾತು ಅಲ್ಲಿಗೆ ಬರುವುದೇ ಇಲ್ಲ. ಬೇರೆ ಉಪಾಯದಿಂದ ಅವನ್ನು ಹೊರತೆಗೆದರೂ ಅವು ಬರುವುದು ಪರದೆಯಲ್ಲಿ ಕಾಣುವ ಕ್ರಮದಲ್ಲಿ ಅಲ್ಲ, ಒಂದರ ಮೇಲೊಂದು ಪೇರಿಸಿದ ಕ್ರಮದಲ್ಲಿ, ಅಂದರೆ ಬಹುಮಟ್ಟಿಗೆ ಅವನ್ನು ಮಾಡಿದ ಕ್ರಮದಲ್ಲಿ. ಸ್ಕ್ರೀನ್ ರೀಡರ್ ಓದುವುದೂ ಇದೇ ಕ್ರಮವನ್ನು. `Selection Pane` ತೆರೆದರೆ ಈ ಕ್ರಮ ಕಾಣುತ್ತದೆ. ಪಟ್ಟಿಯ ಕೆಳತುದಿಯಲ್ಲಿರುವುದನ್ನು ಮೊದಲು ಓದಲಾಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಬೆಂಗಳೂರಿನ ಕೊಳಚೆನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಚಿತ್ರವನ್ನು ಭೂಗೋಳದ ಅಧ್ಯಾಪಕರೊಬ್ಬರು ಬಿಡಿಸಿದ್ದಾರೆನ್ನೋಣ: ಬೆಂಗಳೂರಿನ ಶುದ್ಧೀಕರಣ ಘಟಕಗಳು, ಪಂಪ್‌ಹೌಸ್, ಲಕ್ಷ್ಮೀಸಾಗರ ಕೆರೆ, ಅದರ ಕೆಳಗಿನ ಕೆರೆಗಳು, ಅಂತರ್ಜಲ, ಕೊಳವೆಬಾವಿ ಎಂದು ಆರು ಚೌಕಗಳು. ಮೊದಲ ನಾಲ್ಕರ ನಡುವೆ ಗಟ್ಟಿ ಬಾಣಗಳು, ಕೆರೆಗಳಿಂದ ಅಂತರ್ಜಲಕ್ಕೆ ತುಂಡು ಗೆರೆಯ ಬಾಣ, ಅಂತರ್ಜಲದಿಂದ ಕೊಳವೆಬಾವಿಗೆ ಮತ್ತೊಂದು ಬಾಣ. ಫೈಲಿನಿಂದ ತೆಗೆದ ಪಠ್ಯ ‘ಕೊಳವೆಬಾವಿ, ಲಕ್ಷ್ಮೀಸಾಗರ ಕೆರೆ, ಪಂಪ್‌ಹೌಸ್, ಅಂತರ್ಜಲ’ ಎಂದು ಕಲಸುಮೇಲೋಗರವಾಗಿ ಬರಬಹುದು. ಬಾಣಗಳಂತೂ ಬರುವುದೇ ಇಲ್ಲ. ಗಟ್ಟಿ ಬಾಣ ಕೊಳವೆ ಅಥವಾ ಕಾಲುವೆಯಲ್ಲಿ ಹರಿಯುವ ನೀರನ್ನೂ ತುಂಡು ಗೆರೆ ನೆಲದೊಳಗೆ ಇಂಗುವ ನೀರನ್ನೂ ಸೂಚಿಸುತ್ತದೆ ಎಂಬುದೇ ಆ ಚಿತ್ರದ ತಿರುಳು. ಶುದ್ಧೀಕರಿಸಿದ ನೀರನ್ನು ನೇರವಾಗಿ ಕೊಳವೆಬಾವಿಗೆ ಬಿಡುವುದಿಲ್ಲ, ಕೆರೆಯ ತಳದ ಮೂಲಕ ಇಂಗಿಸಲಾಗುತ್ತದೆ ಎಂಬ ಮಾತು ಆ ತುಂಡು ಗೆರೆಯಲ್ಲಿದೆ. ಆರು ಹೆಸರುಗಳನ್ನು ಮಾತ್ರ ನಕಲಿಸಿಕೊಂಡ ಟಿಪ್ಪಣಿಯಲ್ಲಿ ಅದು ಸುಳಿವಿಲ್ಲದೆ ಹೋಗುತ್ತದೆ.

ಪವರ್‌ಪಾಯಿಂಟ್ ತಾನಾಗಿಯೇ ಹಾಕುವ ಚಿತ್ರವಿವರಣೆಯನ್ನು ನೆಚ್ಚಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಬಹಳ ವೇಳೆ ಇದೊಂದು ಚಾರ್ಟ್, ಇದೊಂದು ರೇಖಾಚಿತ್ರ ಎಂಬಷ್ಟಕ್ಕೇ ನಿಲ್ಲುವುದರಿಂದ ಟಿಪ್ಪಣಿಯ ಕೆಲಸಕ್ಕೆ ಉಪಯೋಗವಿಲ್ಲ.

ಓಸಿಆರ್

ಪಿಪಿಟಿ ಕಳೆದುಹೋಗಿ ಪಿಡಿಎಫ್ ಮಾತ್ರ ಉಳಿದಿದ್ದರೆ, ಅಥವಾ ಚಿತ್ರಗಳೆಲ್ಲ ಅಂಟಿಸಿದ ಫೋಟೋಗಳಾಗಿದ್ದರೆ ಓಸಿಆರ್ ನೆನಪಾಗುವುದು ಸಹಜ. ಉಚಿತವಾಗಿ ಸಿಗುವ ಟೆಸರಾಕ್ಟ್ ಕನ್ನಡವನ್ನೂ ಓದುತ್ತದೆ. ಕೆಳಗಿನ ಮೊದಲ ಸಾಲು ಪಿಡಿಎಫ್ ಪುಟಗಳನ್ನು ಚಿತ್ರಗಳಾಗಿಸುತ್ತದೆ, ಎರಡನೆಯದು ಏಳನೆಯ ಪುಟದ ಅಕ್ಷರಗಳನ್ನು ಓದುತ್ತದೆ:

```
pdftoppm -r 300 -png kolar.pdf slide
tesseract slide-07.png slide-07 -l kan+eng
```

ಒಂದು ಸಂದರ್ಭದಲ್ಲಿ ಓಸಿಆರ್, ಫೈಲಿನಿಂದ ತೆಗೆಯುವುದಕ್ಕಿಂತ ಮೇಲು. ನಮ್ಮ ಕಾಲೇಜುಗಳ ಹಳೆಯ ಸ್ಲೈಡ್‌ಗಳು ಅನೇಕ ವೇಳೆ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿರುತ್ತವೆ. ಅವುಗಳನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳು ಬರುತ್ತವೆ. ಸ್ಕ್ರೀನ್ ರೀಡರ್ ಕೂಡ ಅದನ್ನೇ ಗಂಭೀರವಾಗಿ ಓದುತ್ತದೆ. ಓಸಿಆರ್ ಫಾಂಟಿನ ಒಳಸಂಕೇತವನ್ನು ನೋಡದೆ ಅಕ್ಷರದ ಆಕಾರವನ್ನೇ ನೋಡುವುದರಿಂದ ಈ ತೊಡಕಿನಿಂದ ಪಾರಾಗುತ್ತದೆ. ಪಠ್ಯ ಉದ್ದವಾಗಿದ್ದರೆ ಮಾತ್ರ ಫಾಂಟ್ ಪರಿವರ್ತಕವನ್ನು ಬಳಸುವುದು ಒಳಿತು, ಏಕೆಂದರೆ ಅದರಲ್ಲಿ ಒತ್ತಕ್ಷರಗಳು ಬಿಟ್ಟುಹೋಗುವ ಸಂಭವ ಕಡಿಮೆ.

ಆದರೆ ನಕ್ಷೆಗಳನ್ನು ಓಸಿಆರ್‌ಗೆ ಒಪ್ಪಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಅದು ನಕ್ಷೆಯ ಮೇಲಿರುವ ಅಕ್ಷರಗಳನ್ನು ಓದುತ್ತದೆಯೇ ಹೊರತು ಕಂಬದ ಎತ್ತರವನ್ನಾಗಲಿ ಗೆರೆಯ ಏರಿಳಿತವನ್ನಾಗಲಿ ಓದುವುದಿಲ್ಲ. ಪಕ್ಕಕ್ಕೆ ತಿರುಗಿಸಿ ಬರೆದ ಲಂಬ ಅಕ್ಷದ ಹೆಸರು ತಪ್ಪಿಹೋಗುತ್ತದೆ. ದಶಾಂಶ ಬಿಂದು ಮಾಯವಾಗಿ 15.36 ಎಂಬುದು 1536 ಆಗುತ್ತದೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಒಂದಕ್ಕೊಂದು ಅದಲುಬದಲಾಗುತ್ತವೆ. ಇಂಥ ತಪ್ಪುಗಳಿಗೆ ಕೆಂಪು ಗೆರೆ ಬೀಳುವುದಿಲ್ಲವಾದ್ದರಿಂದ ಪ್ರತಿ ಅಂಕಿಯನ್ನೂ ಮೂಲದೊಂದಿಗೆ ಹೋಲಿಸಬೇಕಾಗುತ್ತದೆ, ಅಷ್ಟು ಹೊತ್ತಿಗೆ ಕೈಯಿಂದಲೇ ಟೈಪ್ ಮಾಡಿ ಮುಗಿಸಬಹುದಿತ್ತು.

ಅಂಕಿಗಳನ್ನೇ ಬರೆಯದ ನಕ್ಷೆಯ ಫೋಟೋ ಇದ್ದರೆ ವೆಬ್‌ಪ್ಲಾಟ್‌ಡಿಜಿಟೈಜರ್ ಎಂಬ ಉಚಿತ ಸಾಧನ ನೆರವಾಗುತ್ತದೆ. ಪ್ರತಿ ಅಕ್ಷದಲ್ಲಿ ಬೆಲೆ ಗೊತ್ತಿರುವ ಎರಡೆರಡು ಬಿಂದುಗಳನ್ನು ಗುರುತಿಸಿಕೊಟ್ಟು ಗೆರೆಯ ಮೇಲೆ ಕ್ಲಿಕ್ ಮಾಡುತ್ತ ಹೋದರೆ ಅದು ಬೆಲೆಗಳನ್ನು ಲೆಕ್ಕ ಹಾಕಿ ಕೊಡುತ್ತದೆ. ಅದು ತೋರಿಸುವ ಉದ್ದುದ್ದ ದಶಾಂಶಗಳಿಗೆ ಮರುಳಾಗದೆ ‘ಸುಮಾರು’ ಎಂಬ ಪದವನ್ನು ಸೇರಿಸಿ ದುಂಡು ಅಂಕಿಯಲ್ಲಿ ಬರೆಯಬೇಕು.

ಹೇಳಿ ಬರೆಸುವುದು, ಕೂತು ಬರೆಯುವುದು

ಅಧ್ಯಾಪಕರು ತರಗತಿಯಲ್ಲಿ ವಿವರಿಸಿದಂತೆಯೇ ಪ್ರತಿ ಸ್ಲೈಡಿಗೂ ಮಾತನಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನು ವಿದ್ಯಾರ್ಥಿಯಿಂದಲೋ ಡಿಟಿಪಿ ಅಂಗಡಿಯಿಂದಲೋ ಟೈಪ್ ಮಾಡಿಸುವುದು ಅಧ್ಯಾಪಕರ ಸಮಯವನ್ನು ಬಹಳ ಉಳಿಸುತ್ತದೆ. ಫೋನಿನ ಕನ್ನಡ ಧ್ವನಿ ಟೈಪಿಂಗ್ ಕೂಡ ಈಗ ಮೊದಲ ಕರಡಿಗೆ ಸಾಕಾಗುವಷ್ಟಿದೆ, ಆದರೆ ವಿರಾಮಚಿಹ್ನೆಗಳನ್ನು ನಾವೇ ಹಾಕಬೇಕು. ರೇಖಾಚಿತ್ರಗಳಿಗೆ ಈ ದಾರಿ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಬಾಣ ಎಲ್ಲಿಂದ ಎಲ್ಲಿಗೆ, ಏಕೆ ಎಂಬುದು ಮಾತಿನಲ್ಲಿ ತಾನಾಗಿಯೇ ಬರುತ್ತದೆ.

ಇದರ ಕೇಡು ಇರುವುದು ಬೆರಳಿನಲ್ಲಿ. ‘ಇಲ್ಲಿ ನೋಡಿ, ಇದು ಹೀಗೆ ಇಳಿಯುತ್ತದೆ, ಆ ನೀಲಿ ಇದೆಯಲ್ಲ, ಅದು ಇದಕ್ಕಿಂತ ಹೆಚ್ಚು’ ಎಂಬ ಮಾತು ತರಗತಿಯಲ್ಲಿ ಸ್ಪಷ್ಟ, ಹಾಳೆಯ ಮೇಲೆ ಶೂನ್ಯ. ಟೈಪ್ ಮಾಡಿದ ಕರಡಿನಲ್ಲಿ ‘ಇದು’, ‘ಅದು’, ‘ಇಲ್ಲಿ’, ‘ಹೀಗೆ’ ಎಂಬ ನಾಲ್ಕು ಪದಗಳನ್ನು ಹುಡುಕಿ, ಪ್ರತಿಯೊಂದರ ಜಾಗದಲ್ಲೂ ಅದು ತೋರಿಸುವ ವಸ್ತುವಿನ ಹೆಸರು ಹಾಕಿದರೆ ಕರಡು ಟಿಪ್ಪಣಿಯಾಗುತ್ತದೆ. ಬಣ್ಣದ ಹೆಸರನ್ನೂ ಹೀಗೆಯೇ ಬದಲಿಸಬೇಕು. ಜೆರಾಕ್ಸ್ ಪ್ರತಿಯಲ್ಲಿ ನೀಲಿಯೂ ಕೆಂಪೂ ಒಂದೇ ಬೂದು.

ಕೂತು ಬರೆಯುವುದೇ ಅನಿವಾರ್ಯವಾಗುವುದು, ನಕ್ಷೆ ತೋರಿಸುವುದಕ್ಕೂ ಸತ್ಯಕ್ಕೂ ನಡುವೆ ಅಂತರವಿದ್ದಾಗ. ಕೋಲಾರ ಜಿಲ್ಲೆಯ ಜನಸಂಖ್ಯೆಯನ್ನು ತೋರಿಸುವ ಎರಡೇ ಕಂಬಗಳ ಸ್ತಂಭಾಲೇಖವೊಂದನ್ನು ಊಹಿಸಿಕೊಳ್ಳಿ. 2001ರ ಜನಗಣತಿಯ ಕಂಬ 25.36 ಲಕ್ಷ, 2011ರ ಕಂಬ 15.36 ಲಕ್ಷ. ಲಂಬ ಅಕ್ಷ 10 ಲಕ್ಷದಿಂದ ಆರಂಭವಾಗಿದೆ. ಅಂಕಿಗಳನ್ನು ಮಾತ್ರ ಬರೆದರೆ ಓದುವವರು ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಕಡಿಮೆಯಾದರೆಂದು ತಿಳಿಯುತ್ತಾರೆ. ಚಿತ್ರವನ್ನು ನೋಡಿ ಬರೆದರೆ ಜನಸಂಖ್ಯೆ ಮೂರನೆಯ ಒಂದು ಭಾಗಕ್ಕೆ ಇಳಿಯಿತೆಂಬ ಭಾವನೆ ಬರುತ್ತದೆ. ಎರಡೂ ದಾರಿ ತಪ್ಪಿಸುತ್ತವೆ. ಇದಕ್ಕೆ ನಾನು ಬರೆಯುವ ಟಿಪ್ಪಣಿ ಹೀಗಿರುತ್ತದೆ:

> ಚಿತ್ರ 3. ಕೋಲಾರ ಜಿಲ್ಲೆಯ ಜನಸಂಖ್ಯೆಯನ್ನು ಹೋಲಿಸುವ ಸ್ತಂಭಾಲೇಖ. ಅಡ್ಡ ಅಕ್ಷದಲ್ಲಿ ಜನಗಣತಿಯ ವರ್ಷ, ಲಂಬ ಅಕ್ಷದಲ್ಲಿ ಜನಸಂಖ್ಯೆ ಲಕ್ಷಗಳಲ್ಲಿ ಇದೆ. 2001ರಲ್ಲಿ 25.36 ಲಕ್ಷ, 2011ರಲ್ಲಿ 15.36 ಲಕ್ಷ. ಲಂಬ ಅಕ್ಷವು ಸೊನ್ನೆಯ ಬದಲು 10 ಲಕ್ಷದಿಂದ ಆರಂಭವಾಗುವುದರಿಂದ ಎರಡನೆಯ ಕಂಬ ಮೊದಲನೆಯದರ ಮೂರನೆಯ ಒಂದು ಭಾಗದಷ್ಟೇ ಎತ್ತರವಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಸುಮಾರು ಶೇ. 60ರಷ್ಟಿದೆ.
>
> ಚಿತ್ರದಲ್ಲಿ ಇಲ್ಲದ ಮಾಹಿತಿ: 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. 2011ರಲ್ಲಿ ಅದರ ಜನಸಂಖ್ಯೆ 12.55 ಲಕ್ಷ. ಎರಡೂ ಜಿಲ್ಲೆಗಳನ್ನು ಸೇರಿಸಿದರೆ ಸುಮಾರು 27.9 ಲಕ್ಷ, ಅಂದರೆ ಹಳೆಯ ಕೋಲಾರ ಜಿಲ್ಲೆಯ ಪ್ರದೇಶದಲ್ಲಿ ಜನಸಂಖ್ಯೆ ಸುಮಾರು ಶೇ. 10ರಷ್ಟು ಹೆಚ್ಚಿದೆ.

ಟಿಪ್ಪಣಿಯನ್ನು ಎರಡು ಭಾಗ ಮಾಡಿರುವುದಕ್ಕೆ ಕಾರಣವಿದೆ. ನಕ್ಷೆ ಏನನ್ನು ತೋರಿಸುತ್ತದೆ ಎಂಬುದನ್ನೂ ಅದಕ್ಕೆ ನಾವು ಕೊಡುವ ಕಾರಣವನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ, ನಕ್ಷೆಯನ್ನು ನೋಡದವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ‘ಈ ನಕ್ಷೆಯಿಂದ ಏನನ್ನು ತೀರ್ಮಾನಿಸಬಹುದು’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದಾಗ ಅವರು ನಕ್ಷೆಯಲ್ಲಿ ಇಲ್ಲದ್ದನ್ನೂ ಬರೆದುಬಿಡುತ್ತಾರೆ. ಇಂಥ ಟಿಪ್ಪಣಿಯನ್ನು ಫೈಲಿನಿಂದ ತೆಗೆಯಲಾಗದು, ಜಿಲ್ಲೆ ಒಡೆದ ಸಂಗತಿ ಗೊತ್ತಿಲ್ಲದ ಟೈಪಿಸ್ಟ್ ಬರೆಯಲಾರರು. ಆದರೆ ಇಂಥ ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು; ನಲವತ್ತು ಸ್ಲೈಡಿಗೂ ಹೀಗೆ ಬರೆಯುತ್ತೇನೆಂದು ಹೊರಟವರಲ್ಲಿ ಬಹಳ ಮಂದಿ ಹತ್ತನೆಯದರಲ್ಲಿ ನಿಲ್ಲಿಸುತ್ತಾರೆ.

ಹಂಚಿಕೊಳ್ಳುವ ಬಗೆ

ಕೈಯಲ್ಲಿ ಪಿಪಿಟಿಎಕ್ಸ್ ಫೈಲು ಇದ್ದು ಸಮಯ ಒಂದು ಸಂಜೆಯಷ್ಟೇ ಇದ್ದರೆ, ಜೀವಂತ ಚಾರ್ಟ್‌ಗಳ ಕೋಷ್ಟಕಗಳನ್ನು `Edit Data` ಮೂಲಕ ತೆಗೆದು, ಪ್ರತಿಯೊಂದಕ್ಕೂ ಅಕ್ಷಗಳನ್ನು ಹೇಳುವ ಒಂದು ವಾಕ್ಯ ಮತ್ತು ಮುಖ್ಯ ಅಂಶದ ಒಂದು ವಾಕ್ಯ ಸೇರಿಸಿ. ರೇಖಾಚಿತ್ರಗಳಿಗೆ ಮಾತನಾಡಿ ಟೈಪ್ ಮಾಡಿಸಿ. ಅಕ್ಷ ಸೊನ್ನೆಯಿಂದ ಆರಂಭವಾಗದ ಅಥವಾ ಹೋಲಿಕೆಯ ಆಧಾರವೇ ಮಧ್ಯದಲ್ಲಿ ಬದಲಾದ ನಕ್ಷೆಗಳನ್ನು ಮಾತ್ರ ನಿಮಗಾಗಿ ಉಳಿಸಿಕೊಳ್ಳಿ. ಅಂಥವು ಒಂದು ಪಿಪಿಟಿಯಲ್ಲಿ ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ ಇರುತ್ತವೆ.

ಓದುವವರಲ್ಲಿ ಸ್ಕ್ರೀನ್ ರೀಡರ್ ಬಳಸುವವರಿದ್ದರೆ ಟಿಪ್ಪಣಿ ಎಲ್ಲಿರಬೇಕು ಎಂಬುದೂ ಆಯ್ಕೆಯ ಭಾಗವೇ. ಚಿತ್ರದ `Alt Text` ಜಾಗದಲ್ಲಿ ಒಂದೇ ವಾಕ್ಯದ ಪರಿಚಯವನ್ನಿಟ್ಟು, ಪೂರ್ಣ ವಿವರಣೆಯನ್ನು ಸ್ಲೈಡಿನ ಕೆಳಗಿನ `Notes` ಭಾಗದಲ್ಲಿ ಬರೆಯುವುದು ಅನುಕೂಲ, ಏಕೆಂದರೆ ಉದ್ದನೆಯ `Alt Text` ಅನ್ನು ವಾಕ್ಯದಿಂದ ವಾಕ್ಯಕ್ಕೆ ಹಿಂದುಮುಂದಾಗಿ ಓದುವುದು ಕಷ್ಟ. ವಿಂಡೋಸ್‌ನ ಪವರ್‌ಪಾಯಿಂಟ್‌ನಲ್ಲಿ `File`, `Export`, `Create Handouts` ಎಂದು ಹೋದರೆ ಸ್ಲೈಡು ಮತ್ತು ಟಿಪ್ಪಣಿ ಒಟ್ಟಿಗೆ ವರ್ಡ್ ಕಡತವಾಗುತ್ತವೆ. ಅದನ್ನೇ ಮುದ್ರಿಸಿ ಉಳಿದವರಿಗೂ ಕೊಡಬಹುದು. ಅಂಕಿಗಳು ಐದಾರಕ್ಕಿಂತ ಹೆಚ್ಚಿದ್ದರೆ ವಾಕ್ಯದಲ್ಲಿ ಪೋಣಿಸದೆ ನಿಜವಾದ ವರ್ಡ್ ಕೋಷ್ಟಕವನ್ನೇ ಮಾಡಿ, ಕೋಷ್ಟಕದ ಫೋಟೋ ಅಂಟಿಸಬೇಡಿ.

ಇರುವುದು ಪಿಡಿಎಫ್ ಮಾತ್ರ, ಅದೂ ಬೇರೆಯವರು ಮಾಡಿದ್ದು ಎಂದಾದರೆ, ಓಸಿಆರ್‌ಗೆ ಕೈ ಹಾಕುವ ಮೊದಲು ಅದನ್ನು ಮಾಡಿದವರಿಗೆ ಫೋನ್ ಮಾಡಿ ಮೂಲ ಪಿಪಿಟಿಎಕ್ಸ್ ಕೇಳಿ; ಈ ಇಡೀ ಕೆಲಸದಲ್ಲಿ ಅತಿ ಅಗ್ಗದ ಹೆಜ್ಜೆ ಅದು. ಸಿಗದಿದ್ದರೆ ಪಠ್ಯದ ಸ್ಲೈಡ್‌ಗಳಿಗೆ ಓಸಿಆರ್, ನಕ್ಷೆಗಳಿಗೆ ಡಿಜಿಟೈಜರ್ ಬಳಸಿ. ಮುಗಿಸಿದ ಮೇಲೆ ಸ್ಲೈಡು ನೋಡಿರದ ಒಬ್ಬ ವಿದ್ಯಾರ್ಥಿಗೆ ಟಿಪ್ಪಣಿಯನ್ನು ಮಾತ್ರ ಕೊಟ್ಟು, ಅದನ್ನು ಓದಿ ಚಿತ್ರವನ್ನು ಕಾಗದದ ಮೇಲೆ ಬಿಡಿಸಲು ಹೇಳಿ. ಅವರು ಬಾಣವನ್ನು ತಿರುಗಾಮುರುಗಾ ಹಾಕಿದರೆ, ಅಥವಾ ಲಂಬ ಅಕ್ಷದಲ್ಲಿ ಏನು ಬರೆಯಲಿ ಎಂದು ಕೇಳಿದರೆ, ಟಿಪ್ಪಣಿಯಲ್ಲಿ ಯಾವ ವಾಕ್ಯ ಇನ್ನೂ ಬಾಕಿಯಿದೆ ಎಂಬುದು ಗೊತ್ತಾಗುತ್ತದೆ.